ಎರಡು ಸೆಕೆಂಡು ಯಾಕೆ ಕಾಯಬೇಕು

ಅವಳಿಗೆ ಒಂದು ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ತಂಗಿಗೆ ಅಕ್ಕ, ತಂಗಿಯ ಗೆಳತಿಯರಿಗೆ ಅಕ್ಕ, ಬರಬರುತ್ತಾ ಎದುರು ಮನೆಯ ಅಜ್ಜನಿಗೂ ಅಕ್ಕ. ಕೊನೆಗೆ ಕಂಪ್ಯೂಟರ್ ಆಫೀಸಿಗೆ ಸೇರಿದ ಮೇಲೆ ಅಲ್ಲಿನ ಸೀನಿಯರ್ ಇಂಜಿನಿಯರ್ ಕೂಡ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು, “ಅಕ್ಕನ್ನ ಕೇಳಿ, ಅವರಿಗೆ ಗೊತ್ತಿರುತ್ತೆ” ಎನ್ನತೊಡಗಿದರು. ಆ ಮಾತು ಕೇಳಿದಾಗ ಅಕ್ಕನಿಗೆ ಆಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ. ಅವಳನ್ನು ಹಾಳು ಮಾಡಿದ್ದೂ ಅದೇ ಮಾತು.

ಅಕ್ಕನ ಬಾಯಿಂದ ಎಂಥ ಮಾತು ಬೇಕಾದರೂ ಸಲೀಸಾಗಿ ಬರುತ್ತಿತ್ತು. ‘ಗೊತ್ತಿಲ್ಲ’ ಎನ್ನುವುದೊಂದು ಬಿಟ್ಟು. ಮೊದಲು ಅವಳು ಒಂದು ಶೂ ಅಂಗಡಿಯಲ್ಲಿದ್ದಳು. “ಇದು ಮಳೆಗೆ ತಡೆಯುತ್ತಾ?” ಎಂದು ಗಿರಾಕಿ ಕೇಳಿದರೆ, “ಆರಾಮಾಗಿ ತಡೆಯುತ್ತೆ ಸರ್, ನಮ್ಮ ಮನೆಯಲ್ಲೇ ಹಾಕ್ತಾರೆ” ಎನ್ನುವಳು. ಮನೆಯಲ್ಲಿ ಇದ್ದದ್ದು ತಾಯಿ, ತಂಗಿ, ತಾನು. ಗಂಡಸರ ಶೂ ಯಾರು ಹಾಕಬೇಕು? ದಾರಿ ಕೇಳಿಕೊಂಡು ಯಾರಾದರೂ ಬಂದರೆ ಗೊತ್ತಿರಲಿ ಬಿಡಲಿ, ಕೈ ಚಾಚಿ ತೋರಿಸಿಬಿಡುವಳು. ಒಮ್ಮೆ ಅವಳ ಮಾತು ನಂಬಿ ಹೋದ ಒಬ್ಬ ಪುಣ್ಯಾತ್ಮ ಊರೆಲ್ಲ ಸುತ್ತಿ ಬೆವರು ಒರೆಸಿಕೊಳ್ಳುತ್ತಾ ಮತ್ತೆ ಅದೇ ಅಂಗಡಿಯ ಮುಂದೆ ಬಂದು ನಿಂತಾಗ, ಅವಳು ಹಿಂದಿನ ಗೋದಾಮಿಗೆ ನುಗ್ಗಿ ಡಬ್ಬಗಳ ಮರೆಯಲ್ಲಿ ಕೂತಿದ್ದಳು. ಈ ಕಥೆ ಹೇಳಿ ತಂಗಿ ಇವತ್ತಿಗೂ ಕಾಲೆಳೆಯುತ್ತಾಳೆ. ಅಲ್ಲ, ಎಳೆಯುತ್ತಿದ್ದಳು.

ಹಾಗೆಂದು ಅಕ್ಕ ಸುಳ್ಳುಬುರುಕಿ ಎಂದುಕೊಳ್ಳಬೇಡಿ. ಅಪ್ಪ ಹೋದಾಗ ಅವಳಿನ್ನೂ ಶಾಲೆಯ ಹುಡುಗಿ. ಅಮ್ಮ ಪ್ರತಿಯೊಂದಕ್ಕೂ ಅವಳ ಮುಖ ನೋಡಿ, “ಈಗೇನು ಮಾಡೋಣ ಹೇಳೇ” ಎನ್ನುತ್ತಿದ್ದರು. ನನಗೇನು ಗೊತ್ತಮ್ಮ ಎಂದರೆ ಅಮ್ಮ ಅಳಲು ಶುರುಮಾಡುತ್ತಿದ್ದರು. ಅದನ್ನು ನೋಡಲಾರದೆ ಹುಡುಗಿ ಏನಾದರೊಂದು ಉತ್ತರ ಕೊಡುವುದನ್ನು ಕಲಿತಳು. ಕಲಿತದ್ದು ಮೈಗೆ ಅಂಟಿಕೊಂಡಿತು. ದೊಡ್ಡವಳಾದ ಮೇಲೂ ಗೊತ್ತಿಲ್ಲ ಎನ್ನಬೇಕಾಗಿ ಬಂದರೆ ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತಷ್ಟು ನಾಚಿಕೆ.

ಮೂವತ್ತು ದಾಟಿದ ಮೇಲೆ ಅವಳು ಶೂ ಅಂಗಡಿ ಬಿಟ್ಟು ಬೂಟ್‌ಕ್ಯಾಂಪಿಗೆ ಸೇರಿದಳು. ಕೆಲವೇ ತಿಂಗಳಲ್ಲಿ ಕೋಡಿಂಗ್ ಕಲಿಸಿ ಕೆಲಸಕ್ಕೆ ಹಚ್ಚುತ್ತೇವೆ ಎನ್ನುವ ಅವಸರದ ಕೋರ್ಸು ಅದು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಿಟಕಿ ತೆರೆದರೆ ಕೆಳಗೆ ಟೈರಿಗೆ ಗಾಳಿ ಹೊಡೆಯುವ ಸದ್ದು, ಮುಚ್ಚಿದರೆ ಉಸಿರುಕಟ್ಟುವ ಸೆಕೆ. ಮೇಷ್ಟ್ರು ಅವಳಿಗಿಂತ ಚಿಕ್ಕ ಹುಡುಗ. “ಅರ್ಥ ಆಯ್ತಾ?” ಎಂದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದವಳು ಅಕ್ಕ. ಅರ್ಥವಾಗದ್ದನ್ನು ಮನೆಗೆ ಬಂದು ಹಲ್ಲುಕಚ್ಚಿ ಓದುತ್ತಿದ್ದಳು. ಅಂತೂ ಇಂತೂ ಪಾಸಾದಳು. ಬೇಕರಿಯ ಮೇಲಿನ ಮಹಡಿಯ ಒಂದು ಪುಟ್ಟ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಊರಿನ ಒಂದು ದೊಡ್ಡ ರಕ್ತಪರೀಕ್ಷೆಯ ಲ್ಯಾಬಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವುದು ಅವರ ಕಸುಬು: ಬಂದವರ ಹೆಸರು ಬರೆದುಕೊಳ್ಳುವುದು, ಸಿರಿಂಜಿನಿಂದ ತೆಗೆದ ರಕ್ತದ ಕೊಳವೆಗೆ ಅಂಟಿಸುವ ಲೇಬಲ್ ಮುದ್ರಿಸುವುದು, ಕೊನೆಗೆ ರಿಪೋರ್ಟ್ ಕೊಡುವುದು.

ಅಲ್ಲಿ ಅವಳಿಗೆ ಒಂದು ಹುಚ್ಚು ಹಿಡಿಯಿತು. ಕಾಮೆಂಟಿನ ಹುಚ್ಚು. ಕಾಮೆಂಟ್ ಎಂದರೆ ಕೋಡಿನ ಸಾಲುಗಳ ನಡುವೆ ಮನುಷ್ಯರು ಮನುಷ್ಯರಿಗೆಂದು ಬರೆದಿಡುವ ಮಾತು. ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಹೋಗುತ್ತದೆ. ಅಕ್ಕನ ಕೋಡಿನಲ್ಲಿ ಕಾಮೆಂಟ್ ಇಲ್ಲದ ಜಾಗ ಹುಡುಕಬೇಕಿತ್ತು. ಹೊಸದಾಗಿ ಬಂದವರಿಗೆಲ್ಲ ಅದನ್ನು ತೋರಿಸಿ ಸೀನಿಯರ್, “ಬರೆದ್ರೆ ಹೀಗೆ ಬರೀಬೇಕು” ಎಂದು ಅಕ್ಕನ ಬೆನ್ನು ತಟ್ಟುತ್ತಿದ್ದರು.

ಅದೇ ಬೂಟ್‌ಕ್ಯಾಂಪು ಮುಗಿಸಿ, ಅದೇ ಆಫೀಸಿಗೆ, ಅಕ್ಕನ ಪಕ್ಕದ ಕುರ್ಚಿಗೇ ಬಂದು ಕೂತಳು ತಂಗಿ. ಮನೆಯಲ್ಲಿ ಅವಳು ಚೂಟಿ. ಹೆಸರಿಗೆ ತಕ್ಕ ಹುಡುಗಿ; ಎರಡು ಮೆಟ್ಟಿಲನ್ನು ಒಂದೇ ಹೆಜ್ಜೆಯಲ್ಲಿ ಹತ್ತುವವಳು, ಮಾತು ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಕೈಹಾಕುವವಳು. ಹೋಟೆಲಿನ ರಿಸೆಪ್ಶನ್ ಕೆಲಸ ಬಿಟ್ಟು ಬಂದಿದ್ದಳು. ಈ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಪ್ರೊಬೇಷನ್ನು.

ಮೊದಲ ದಿನವೇ ಅಕ್ಕ ಉಪದೇಶ ಮಾಡಿದಳು. “ಕಾಮೆಂಟ್ ಓದದೆ ಯಾರ ಕೋಡಿನ ಒಂದು ಸಾಲನ್ನೂ ಮುಟ್ಟಬೇಡ. ಬರೆದೋರು ಸುಮ್ನೆ ಬರೆದಿರಲ್ಲ, ತಿಳ್ಕೊ.”

“ಆಯ್ತು ಗುರುಗಳೇ,” ಎಂದಳು ಚೂಟಿ, ಕೈ ಮುಗಿದು.

ತಮಾಷೆ ಮಾಡಿದಳೇ ಹೊರತು ಆ ಮಾತನ್ನು ಅವಳು ಅಕ್ಷರಶಃ ಪಾಲಿಸಿದಳು. ಆಗಿದ್ದು ಅದರಿಂದಲೇ.

ಲೇಬಲ್ ಮುದ್ರಿಸುವ ಭಾಗ ಅಕ್ಕ ಬಂದ ಹೊಸದರಲ್ಲಿ ಬರೆದದ್ದು. ಆಗ ಒಂದು ತೊಂದರೆ ಕಾಣಿಸಿತ್ತು. ಬೆಳಿಗ್ಗೆ ಲ್ಯಾಬಿನಲ್ಲಿ ಒಂದಷ್ಟು ಜನರ ಹೆಸರು ಬರೆದುಕೊಂಡು ಎಲ್ಲರ ಲೇಬಲನ್ನೂ ಒಟ್ಟಿಗೆ ಮುದ್ರಿಸುತ್ತಾರೆ. ಯಾವಾಗಲೋ ಒಮ್ಮೆ ಒಬ್ಬರ ಲೇಬಲ್ ಬರಬೇಕಾದ ಕಡೆ ಅವರ ಮುಂದಿನ ಸರದಿಯವರ ಲೇಬಲ್ಲೇ ಎರಡು ಸಲ ಬರುತ್ತಿತ್ತು. ಯಾಕೆ ಎಂದು ಅಕ್ಕ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಏನೇನೋ ಮಾಡಿ ನೋಡಿ, ಕಡೆಗೆ ಒಂದು ಲೇಬಲಿಗೂ ಇನ್ನೊಂದಕ್ಕೂ ನಡುವೆ ‘ಎರಡು ಸೆಕೆಂಡು ಕಾಯಿ’ ಎಂಬ ಸಾಲು ಸೇರಿಸಿದಳು. ತೊಂದರೆ ನಿಂತೇ ಹೋಯಿತು. ಯಾಕೆ ನಿಂತಿತು ಎಂಬುದೂ ಗೊತ್ತಾಗಲಿಲ್ಲ.

ಗೊತ್ತಿಲ್ಲ ಎಂದು ಬರೆಯುವುದುಂಟೇ? ಸೀನಿಯರ್ ಓದುತ್ತಾರೆ. ಶೂ ಅಂಗಡಿಯಿಂದ ಬಂದವಳು ತಾನೇ, ಇನ್ನೇನು ಎಂದುಕೊಳ್ಳುತ್ತಾರೆ. ಅವಳು ಆ ಸಾಲಿನ ಮೇಲೆ ಠೀವಿಯಿಂದ ಒಂದು ಕಾಮೆಂಟ್ ಬರೆದಳು: ‘ಪ್ರತಿ ಲೇಬಲ್ ಆದ ಮೇಲೆ ಸ್ಕ್ರೀನ್ ಬದಲಾಗಲು ಎರಡು ಸೆಕೆಂಡು ಬೇಕು.’ ಆಗಿನ ಸ್ಕ್ರೀನ್, ಅಂದರೆ ಲ್ಯಾಬಿನವರ ಕಣ್ಣಿಗೆ ಕಾಣುವ ಪುಟ, ನಿಧಾನವಾಗಿದ್ದದ್ದು ನಿಜ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದು ಮಾತ್ರ ಅವಳು ಕಟ್ಟಿದ್ದು. ಮಳೆಗೆ ತಡೆಯುವ ಶೂ ಇದ್ದ ಹಾಗೆ. ಸೀನಿಯರ್ ಓದಿ, ತಲೆದೂಗಿ, ಒಪ್ಪಿಗೆ ಕೊಟ್ಟರು.

ವರ್ಷಗಳು ಕಳೆದು ಚೂಟಿಗೆ ಬಂದ ಮೊದಲ ದೊಡ್ಡ ಕೆಲಸವೇ ಆ ಹಳೆಯ ಸ್ಕ್ರೀನ್ ತೆಗೆದು ಹೊಸದು ಮಾಡುವುದು. ಮಾಡಿದಳು, ಚಕಚಕನೆ ಓಡುವಂಥದ್ದು. ಲ್ಯಾಬಿನ ರಿಸೆಪ್ಶನಿಸ್ಟ್ ಮೊದಲಿನಿಂದಲೂ ಗೊಣಗುತ್ತಿದ್ದಳು: “ಲೇಬಲ್ ಒಂದೊಂದಕ್ಕೂ ಆಕಳಿಸ್ತಾ ಕೂರಬೇಕು ಮೇಡಂ.” ಚೂಟಿ ಮುದ್ರಣದ ಭಾಗ ತೆರೆದಳು. ಕಾಯುವ ಸಾಲು ಕಂಡಿತು. ಅದರ ಮೇಲಿನ ಕಾಮೆಂಟ್ ಓದಿದಳು. ಸ್ಕ್ರೀನಿಗಾಗಿ ಕಾಯುವುದು, ಆ ಸ್ಕ್ರೀನೇ ಈಗ ಇಲ್ಲ. ಸಾಲನ್ನು ತೆಗೆದಳು, ಕಾಮೆಂಟನ್ನೂ ತೆಗೆದಳು, ಒಂದು ಕಂತೆ ಲೇಬಲ್ ಮುದ್ರಿಸಿ ನೋಡಿದಳು. ಎಲ್ಲ ಸರಿಯಾಗಿತ್ತು. ರಿಸೆಪ್ಶನಿಸ್ಟ್ ಫೋನ್ ಮಾಡಿ ಹೊಗಳಿದಳು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ಲ್ಯಾಬಿನ ಟೆಕ್ನಿಷಿಯನ್ ಕೈಗೆ ಒಂದೇ ಹೆಸರು, ಒಂದೇ ನಂಬರಿನ ಎರಡು ಕೊಳವೆಗಳು ಬಂದವು. ಒಂದು ಒಬ್ಬ ಹುಡುಗನದು, ಇನ್ನೊಂದು ಅವನ ಮುಂದಿನ ಸರದಿಯಲ್ಲಿದ್ದ ಮುದುಕಿಯದು. ಯಾವುದು ಯಾರದು ಎಂದು ಹೇಳುವುದು ಹೇಗೆ? ಟೆಕ್ನಿಷಿಯನ್ ಎರಡನ್ನೂ ಪಕ್ಕಕ್ಕಿಟ್ಟು ಇಬ್ಬರನ್ನೂ ಮತ್ತೆ ಕರೆಸಿದ. ಅನಾಹುತವೇನೂ ಆಗಲಿಲ್ಲ, ನಿಜ. ಆದರೆ ಕ್ಷಮೆ ಕೇಳಲು ಅಕ್ಕ ತಂಗಿ ಲ್ಯಾಬಿಗೆ ಹೋದಾಗ ಆ ಮುದುಕಿ ಅಲ್ಲೇ ಬೆಂಚಿನ ಮೇಲಿದ್ದರು. ಅವರ ಕೈಯಲ್ಲಿ ನರ ಸಿಗುವುದೇ ಕಷ್ಟವಂತೆ. ಮೊಣಕೈಯ ಒಳಭಾಗ ನೀಲಿಗಟ್ಟಿತ್ತು. ಇನ್ನೊಂದು ಕೈಗೆ ಹತ್ತಿ ಒತ್ತಿಕೊಂಡು ಕೂತಿದ್ದರು.

“ಯಂತ್ರ ತಾನೆ, ತಪ್ಪಾಗುತ್ತೆ ಬಿಡಮ್ಮ,” ಎಂದರು ಚೂಟಿಯ ಸಪ್ಪೆ ಮುಖ ನೋಡಿ.

ಅಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಳು.

ಶುಕ್ರವಾರ ಆಫೀಸಿನಲ್ಲಿ ಮೀಟಿಂಗು. ಕಂಪನಿಯ ಯಜಮಾನರು, ಸೀನಿಯರ್, ಅಕ್ಕ, ಚೂಟಿ. ಯಾವ ಸಾಲನ್ನು ಯಾರು ಯಾವಾಗ ಬರೆದರು, ಯಾರು ತೆಗೆದರು ಎಂಬುದರ ಪೂರಾ ಚರಿತ್ರೆ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಸೀನಿಯರ್ ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ಬರೆದದ್ದು ಅಕ್ಕ. ತೆಗೆದದ್ದು ಚೂಟಿ.

ಯಜಮಾನರು ಕನ್ನಡಕ ಸರಿಮಾಡಿಕೊಂಡು ಆ ಕಾಮೆಂಟನ್ನು ಜೋರಾಗಿ ಓದಿದರು. “ಸ್ಕ್ರೀನ್ ಬದಲಾಗಲು ಅಂತಿದೆ. ಇದಕ್ಕೂ ಲೇಬಲ್ ತಪ್ಪಿದ್ದಕ್ಕೂ ಏನಾದ್ರೂ ಸಂಬಂಧ ಇದೆಯಾ? ಬರೆದೋರು ನೀವು, ನೀವೇ ಹೇಳಿ.”

ಅಕ್ಕನ ಬಾಯಿ ಮಾತ್ರ ತನ್ನ ಹಳೆಯ ಚಾಳಿ ಬಿಡಲಿಲ್ಲ. “ಸ್ಕ್ರೀನ್‌ಗೆ ಅಂತಾನೇ ಹಾಕಿದ್ದು ಸರ್. ಪ್ರಿಂಟಿಂಗ್‌ಗೂ ಅದರಿಂದ ಅನುಕೂಲ ಆಗಿತ್ತು ಅನ್ಸುತ್ತೆ. ತೆಗೆಯೋ ಮುಂಚೆ ಇನ್ನೊಂಚೂರು ಟೆಸ್ಟ್ ಮಾಡಬೇಕಿತ್ತು.”

ಕೊನೆಯ ಮಾತು ಅವಳು ಆಡಲೇಬೇಕೆಂದು ಆಡಿದ್ದಲ್ಲ. ಬಂದುಬಿಟ್ಟಿತು. ಚೂಟಿ ತಿರುಗಿ ಅವಳ ಮುಖ ನೋಡಿದಳು. ಅಕ್ಕ ನೀರಿನ ಲೋಟಕ್ಕೆ ಕೈ ಹಾಕಿದಳು.

“ಸದ್ಯಕ್ಕೆ ಆ ಸಾಲು ವಾಪಸ್ ಹಾಕಿಬಿಡಿ, ಸರಿಹೋಗುತ್ತೆ,” ಎಂದರು ಸೀನಿಯರ್. ಯಜಮಾನರು ಚೂಟಿಗೆ ಸೋಮವಾರದವರೆಗೆ ಮನೆಯಲ್ಲಿರಲು ಹೇಳಿದರು. ಉಳಿಸಿಕೊಳ್ಳುವುದೋ ಬಿಡುವುದೋ ಅವತ್ತು ತಿಳಿಸುತ್ತಾರಂತೆ. ಬೈಯಲಿಲ್ಲ, ಗದರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಅನ್ನಿಸಿತು.

ಇಬ್ಬರೂ ಮಲಗುವುದು ಒಂದೇ ಕೋಣೆಯಲ್ಲಿ. ಮನೆಗೆ ಬಂದ ಚೂಟಿ ಚಪ್ಪಲಿ ಕೂಡ ಸರಿಯಾಗಿ ಬಿಡದೆ ಮಂಚದ ಮೇಲೆ ಕೂತಳು. ಅಕ್ಕ ಟೀ ತಂದುಕೊಟ್ಟಳು. ಅದನ್ನು ಮುಟ್ಟಲಿಲ್ಲ.

“ಹೋಟೆಲಿನ ಮ್ಯಾನೇಜರ್‌ಗೆ ಫೋನ್ ಮಾಡ್ತೀನಿ. ಮತ್ತೆ ತಗೋತಾರೆ,” ಎಂದಳು.

“ಹುಚ್ಚುಚ್ಚಾಗಿ ಆಡಬೇಡ. ಎಲ್ಲರಿಗೂ ಒಂದಲ್ಲ ಒಂದು ಸಲ ತಪ್ಪಾಗುತ್ತೆ.”

“ನನ್ನ ತಪ್ಪು ಯಾವುದು, ಅದನ್ನ ಹೇಳು. ಕಾಮೆಂಟ್ ಓದದೆ ಮುಟ್ಟಬೇಡ ಅಂದೆ. ಓದಿದೆ. ಸ್ಕ್ರೀನ್‌ಗೆ ಅಂತಿತ್ತು. ಸ್ಕ್ರೀನ್ ಹೋಯ್ತು, ತೆಗೆದೆ. ಟೆಸ್ಟೂ ಮಾಡಿದೆ. ಬರೆದಿದ್ದನ್ನ ನಂಬೋ ಹಾಗೇ ಇಲ್ಲ ಅಂದ್ರೆ ಕಾಮೆಂಟ್ ಯಾಕೆ ಬರೀಬೇಕು?”

ಅಕ್ಕ ಬಾಯಿ ತೆರೆದಳು. ಚೂಟಿ ಕೈ ಅಡ್ಡ ಹಿಡಿದಳು.

“ಬಾಯಲ್ಲಿ ಹೇಳಬೇಡ ಅಕ್ಕ. ಬಾಯಲ್ಲಾದ್ರೆ ಯಾವಾಗ್ಲೂ ನೀನೇ ಗೆಲ್ಲೋದು. ಬರೆದು ಕೊಡು.”

ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಬರೆಯುವುದೇನು ದೊಡ್ಡ ಕೆಲಸ ಎಂದು ಅಕ್ಕ ಶನಿವಾರ ಬೆಳಿಗ್ಗೆ ಕಾಗದ ಹಿಡಿದು ಕೂತಳು. ‘ಪ್ರೀತಿಯ ಚೂಟಿ, ಕೋಡಿಗೆ ಕಾಮೆಂಟ್ ಯಾಕೆ ಬೇಕೆಂದರೆ’ ಎಂದು ಶುರುಮಾಡಿ, ಬೂಟ್‌ಕ್ಯಾಂಪಿನ ಮೇಷ್ಟ್ರ ಧಾಟಿಯಲ್ಲಿ ಒಂದು ಪುಟ ತುಂಬಿಸಿದಳು. ಓದಿ ನೋಡಿದಳು. ಒಂದೊಂದು ಮಾತೂ ಸರಿಯಾಗಿತ್ತು, ಆದರೆ ಎಲ್ಲ ಬರೀ ಬೊಗಳೆ. ಆ ಎರಡು ಸೆಕೆಂಡು ಯಾಕೆ ಎಂದು ಹೇಳದೆ ಈ ಪುರಾಣವೆಲ್ಲ ಯಾವ ಉಪಯೋಗಕ್ಕೆ? ಅದು ಅವಳಿಗೇ ಗೊತ್ತಿರಲಿಲ್ಲವಲ್ಲ.

ಕಾಗದ ಹರಿದು ಆಫೀಸಿಗೆ ಹೊರಟಳು.

ಶನಿವಾರ ಮಧ್ಯಾಹ್ನ ಆಫೀಸಿನಲ್ಲಿ ಯಾರೂ ಇರಲಿಲ್ಲ. ಕೆಳಗಿನ ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಪರೀಕ್ಷೆಗೆಂದೇ ಇಟ್ಟಿದ್ದ ಪುಟ್ಟ ಪ್ರಿಂಟರನ್ನು ಹತ್ತಿರ ಎಳೆದುಕೊಂಡು, ತನ್ನ ಕಂಪ್ಯೂಟರಿನಲ್ಲಿ ಮಾತ್ರ ಕಾಯುವ ಸಾಲು ತೆಗೆದು, ಸುಳ್ಳು ಹೆಸರುಗಳಿಗೆ ಲೇಬಲ್ ಮುದ್ರಿಸತೊಡಗಿದಳು. ಎಲ್ಲ ಸರಿ. ಮತ್ತೊಮ್ಮೆ. ಎಲ್ಲ ಸರಿ. ಲ್ಯಾಬಿನವರ ಹಾಗೆ ಮೊದಲು ಒಂದು ರಿಪೋರ್ಟ್ ಮುದ್ರಿಸಲು ಕೊಟ್ಟು, ಅದು ನಡೆಯುತ್ತಿರುವಾಗಲೇ ಲೇಬಲ್ ಕೊಟ್ಟಳು. ಸಾಲಾಗಿ ಒಂದೇ ಹೆಸರಿನ ಲೇಬಲ್ಲುಗಳು ಹೊರಬಂದವು.

ಆಗ ಅವಳು ತಾನು ಬರೆದ ಕೋಡನ್ನು ಬೇರೆ ಯಾರೋ ಬರೆದದ್ದೆಂಬಂತೆ ಓದಿದಳು. ಕಾಮೆಂಟುಗಳನ್ನು ಬಿಟ್ಟು, ಬರೀ ಕೋಡನ್ನು. ಅಲ್ಲೇ ಇತ್ತು. ಒಬ್ಬರ ಲೇಬಲನ್ನು ಸಿದ್ಧಮಾಡಿ ಒಂದು ಫೈಲಿನಲ್ಲಿ ಇಡುವುದು. ಮುದ್ರಿಸುವ ಇನ್ನೊಂದು ಪ್ರೋಗ್ರಾಂ ತನ್ನ ಸರದಿ ಬಂದಾಗ ಆ ಫೈಲನ್ನು ಓದಿ ಪ್ರಿಂಟರಿಗೆ ಕಳಿಸುವುದು. ಆದರೆ ಎಲ್ಲರ ಲೇಬಲಿಗೂ ಅವಳು ಇಟ್ಟಿದ್ದು ಒಂದೇ ಫೈಲಿನ ಹೆಸರು. ಒಂದೇ ಸ್ಲೇಟು ಇದ್ದ ಹಾಗೆ. ಓದುವವನು ರಿಪೋರ್ಟ್ ಮುದ್ರಿಸುವುದರಲ್ಲಿ ಸಿಕ್ಕಿಕೊಂಡು ಬರುವುದು ತಡವಾದರೆ ಹಿಂದಿನವರ ಹೆಸರು ಒರೆಸಿ ಮುಂದಿನವರ ಹೆಸರು ಬರೆದಾಗಿರುತ್ತದೆ. ಅವನು ಅದನ್ನೇ ಎರಡು ಸಲ ಓದಿಕೊಂಡು ಹೋಗುತ್ತಾನೆ. ಎರಡು ಸೆಕೆಂಡು ಕಾದರೆ ಸಾಮಾನ್ಯವಾಗಿ ಅವನು ಬಂದಿರುತ್ತಾನೆ. ಅಷ್ಟೇ ಕಥೆ. ಸ್ಕ್ರೀನಂತೆ, ಬದಲಾಗಬೇಕಂತೆ.

ಹಾಗಾದರೆ ಅವನು ಇನ್ನೂ ತಡಮಾಡಿದರೆ? ಅಕ್ಕ ಕಾಯುವ ಸಾಲನ್ನು ಮೊದಲಿದ್ದಂತೆ ಹಾಕಿ, ಈ ಸಲ ಉದ್ದನೆಯ ರಿಪೋರ್ಟ್ ಒಂದನ್ನು ಮೊದಲು ಕೊಟ್ಟು, ಬೆನ್ನಿಗೇ ಲೇಬಲ್ ಕೊಟ್ಟಳು. ಮತ್ತೆ ಒಂದೇ ಹೆಸರು ಎರಡು ಸಲ ಬಂತು.

ಆ ಲೇಬಲ್ಲುಗಳನ್ನು ಅವಳು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಸೀನಿಯರ್ ವಾಪಸ್ ಹಾಕಿಸಿದ ಸಾಲು ಏನನ್ನೂ ಸರಿಮಾಡಿಲ್ಲ. ಇಷ್ಟು ವರ್ಷ ನಡೆದದ್ದು ಅದೃಷ್ಟದಿಂದ. ಇನ್ನು ಮುಂದೆಯೂ ಯಾವ ಬೆಳಿಗ್ಗೆ ಬೇಕಾದರೂ ಯಾರದೋ ರಕ್ತಕ್ಕೆ ಇನ್ಯಾರದೋ ಹೆಸರು ಅಂಟಬಹುದು. ಚೂಟಿ ತೆಗೆದದ್ದರಿಂದ ತಪ್ಪು ಹುಟ್ಟಲಿಲ್ಲ, ಹೊರಗೆ ಬಿತ್ತು. ಹುಟ್ಟಿಸಿದವಳು ತಾನು. ಹೊದಿಕೆ ಹೊದಿಸಿದವಳೂ ತಾನು. ತಂಗಿಯ ತಲೆಗೆ ಕಟ್ಟಿದವಳೂ ತಾನೇ.

ಸರಿಪಡಿಸುವುದು ಕಷ್ಟವಿರಲಿಲ್ಲ. ಪ್ರತಿ ಲೇಬಲಿಗೂ ಅದರದೇ ನಂಬರಿನ ಬೇರೆ ಫೈಲು ಮಾಡಿದರೆ ಆಯಿತು. ಒಂದನ್ನೊಂದು ಅಳಿಸುವ ಮಾತೇ ಇಲ್ಲ, ಕಾಯುವುದೂ ಬೇಡ. ಸಂಜೆಯೊಳಗೆ ಮಾಡಿ ಮುಗಿಸಿದಳು. ಉದ್ದದ ರಿಪೋರ್ಟಿನ ಹಿಂದೆ ಎಷ್ಟು ಲೇಬಲ್ ಕೊಟ್ಟರೂ ಅವರವರ ಹೆಸರು ಅವರವರಿಗೆ ಬಂತು. ಆಗ ಒಂದು ಯೋಚನೆ ಮೆಲ್ಲನೆ ತಲೆ ಹಾಕಿತು: ಇದನ್ನು ‘ಮುದ್ರಣ ಇನ್ನಷ್ಟು ಚುರುಕು’ ಎಂದು ಹೆಸರಿಟ್ಟು ಕಳಿಸಿಬಿಟ್ಟರೆ? ಯಾರೂ ಕೇಳುವುದಿಲ್ಲ. ಸೀನಿಯರ್ ಬೆನ್ನು ತಟ್ಟುತ್ತಾರೆ. ಚೂಟಿಗೆ ಹೋಟೆಲಿನ ಕೆಲಸ ಹೇಗೂ ಇದೆ.

ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ದೀಪ ಆರಿಸಿ ಮನೆಗೆ ಬಂದಳು.

ಭಾನುವಾರ ಬೆಳಿಗ್ಗೆ, ಅಮ್ಮ ಸಂತೆಗೆ ಹೋದ ಹೊತ್ತು, ಅಡುಗೆಮನೆಯ ಮೇಜಿನ ಮೇಲೆ ಅಕ್ಕ ಆ ಪತ್ರ ಬರೆದಳು. ಈ ಸಲ ‘ಪ್ರೀತಿಯ’ ಎಂದು ಬರೆಯಲು ಮುಖವಿರಲಿಲ್ಲ.

‘ಚೂಟಿ,

ಕಾಮೆಂಟ್ ಯಾಕೆ ಬರೀಬೇಕು ಅಂತ ನೀನು ಕೇಳಿದ್ದೆ. ಕಂಪ್ಯೂಟರ್‌ಗೆ ಅದು ಬೇಡ. ಏನು ಮಾಡಬೇಕು ಅನ್ನೋದು ಕೋಡಿನಲ್ಲೇ ಇರುತ್ತೆ. “ಎರಡು ಸೆಕೆಂಡು ಕಾಯಿ” ಅಂತ ಸಾಲೇ ಹೇಳುತ್ತೆ, ಅದನ್ನೇ ಮತ್ತೆ ಕಾಮೆಂಟ್‌ನಲ್ಲಿ ಬರೆಯೋದು ದಂಡ. ಯಾಕೆ ಕಾಯಬೇಕು ಅನ್ನೋದನ್ನ ಮಾತ್ರ ಕೋಡು ಹೇಳಲ್ಲ. ಅದು ಬರೆದೋಳ ತಲೆಯಲ್ಲಿ ಇರುತ್ತೆ. ಅವಳು ಪಕ್ಕದಲ್ಲಿ ಇಲ್ಲದಾಗ ಮುಂದಿನೋರಿಗೆ ಅದು ಸಿಗಲಿ ಅಂತ ಕಾಮೆಂಟ್.

ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಲೇಬಲ್ ತಪ್ಪಾಗಿ ಬರ್ತಿತ್ತು, ಕಾಯೋ ಸಾಲು ಹಾಕಿದೆ, ನಿಂತುಹೋಯ್ತು. ಯಾಕೆ ಅಂತ ಗೊತ್ತಿರಲಿಲ್ಲ. ಸ್ಕ್ರೀನ್ ವಿಷಯ ನಾನು ಕಟ್ಟಿದ್ದು. “ಇದನ್ನು ಹಾಕಿದರೆ ಲೇಬಲ್ ಸರಿಯಾಗಿ ಬರುತ್ತದೆ, ಕಾರಣ ಗೊತ್ತಿಲ್ಲ, ಕಾರಣ ತಿಳಿಯದೆ ತೆಗೆಯಬೇಡಿ” ಅಂತ ಬರೆದಿದ್ರೆ ನೀನು ಅಲ್ಲೇ ನಿಲ್ತಿದ್ದೆ. ಏನೂ ಬರೆಯದೇ ಇದ್ದಿದ್ರೂ ಅನುಮಾನ ಬಂದು ನನ್ನನ್ನ ಕೇಳ್ತಿದ್ದೆ. ನಾನು ಕಾರಣ ಅಂತ ಒಂದು ಸುಳ್ಳು ಬರೆದು ನಿನ್ನ ಅನುಮಾನಾನೂ ತೆಗೆದುಬಿಟ್ಟೆ. ಕಾಮೆಂಟ್ ಇಲ್ಲದ ಕೋಡಿಗಿಂತ ಸುಳ್ಳು ಕಾಮೆಂಟ್ ಇರೋ ಕೋಡು ಕೆಟ್ಟದ್ದು. ಅದನ್ನ ಬರೆದಿದ್ದು, ಊರಿಗೆಲ್ಲ ಕಾಮೆಂಟ್ ಪಾಠ ಹೇಳೋ ನಾನು.

ಮೀಟಿಂಗಿನಲ್ಲಿ ಸುಮ್ಮನಿದ್ದಿದ್ರೂ ಒಂದು ಮಾತಾಗಿತ್ತು. ಟೆಸ್ಟ್ ಮಾಡಬೇಕಿತ್ತು ಅಂತ ನಿನ್ನನ್ನೇ ಅಂದೆ. ನೀನು ನೋಡಿದೆ, ನಾನು ನೀರು ಕುಡಿದೆ. ಅದನ್ನ ನೆನೆಸಿಕೊಂಡ್ರೆ ಕನ್ನಡಿ ನೋಡೋಕೆ ಆಗ್ತಿಲ್ಲ.

ನಿನ್ನ ತಪ್ಪು ಏನೂ ಇಲ್ಲ. ನನ್ನ ಮಾತು ನಂಬಿದ್ದು ಬಿಟ್ಟು.’

ಆಮೇಲೆ ಒಂದೇ ಹೆಸರಿನ ಫೈಲಿನ ವಿಷಯ, ಉದ್ದದ ರಿಪೋರ್ಟಿನ ವಿಷಯ, ತಾನು ಮಾಡಿದ ರಿಪೇರಿಯ ವಿಷಯ ಎಲ್ಲವನ್ನೂ ಬಿಡಿಸಿ ಬರೆದು, ಕೋಣೆಗೆ ಹೋಗಿ ಚೂಟಿಯ ಕೈಗೆ ಕೊಟ್ಟಳು. ಕೊಟ್ಟು ಹೋಗಿಬಿಡೋಣ ಎಂದುಕೊಂಡಿದ್ದಳು. ಆದರೆ ಬಾಗಿಲ ಹತ್ತಿರವೇ ನಿಂತಳು.

ಚೂಟಿ ಓದಿದಳು. ಅವಳು ಯಾವುದನ್ನೂ ಇಷ್ಟು ನಿಧಾನವಾಗಿ ಓದಿದ್ದನ್ನು ಅಕ್ಕ ನೋಡಿರಲಿಲ್ಲ. ಅಳಬಹುದು, ಕಾಗದ ಮುಖದ ಮೇಲೆ ಎಸೆಯಬಹುದು, ಕೂಗಾಡಬಹುದು. ಯಾವುದಕ್ಕೂ ಅಕ್ಕ ಸಿದ್ಧಳಾಗಿದ್ದಳು.

“ಹಾಗಾದ್ರೆ ಈಗ ಲ್ಯಾಬಿನಲ್ಲಿ ಇರೋದು ಇನ್ನೂ ತಪ್ಪೇ,” ಎಂದಳು ಚೂಟಿ.

“ಹೂಂ.”

“ನಾಳೆ ಅವರು ಬಾಗಿಲು ತೆಗೆಯೋದು ನಮ್ಮ ಆಫೀಸಿಗಿಂತ ಎಷ್ಟೋ ಮುಂಚೆ. ಆ ಅಜ್ಜಿ ಥರ ಇನ್ನೊಬ್ರು ಬರ್ತಾರೆ. ಇದನ್ನ ನಂಗೆ ಕೊಟ್ರೆ ಏನು ಬಂತು ಅಕ್ಕ? ನಂಗೆ ಕೊಟ್ಟು ನೀನು ಹಗುರಾದೆ, ಅಷ್ಟೇ. ಯಜಮಾನರಿಗೆ ಹೇಳು.”

“ನಾಳೆ ಹೇಳ್ತೀನಿ. ಎದುರಿಗೇ ಹೇಳಬೇಕು ಅಂತ…”

ಚೂಟಿ ಆಗಲೇ ಫೋನ್ ಒತ್ತಿ, ಸ್ಪೀಕರ್ ಹಾಕಿ, ಹಾಸಿಗೆಯ ಮೇಲೆ ನಡುವೆ ಇಟ್ಟಿದ್ದಳು. ಅತ್ತ ಕಡೆ ಯಜಮಾನರು ಏನನ್ನೋ ಅಗಿಯುತ್ತಾ ಹಲೋ ಎಂದರು.

ಅಕ್ಕ ಹೇಳಿದಳು. ಒಂದೇ ಉಸಿರಿಗೆ ಶುರುಮಾಡಿದ್ದು ನಡುವೆ ಎರಡು ಮೂರು ಕಡೆ ತಡವರಿಸಿತು. ಅತ್ತ ಅಗಿಯುವುದು ನಿಂತಿತು.

“ಮತ್ತೆ ಸ್ಕ್ರೀನ್‌ಗೆ ಅಂತ ಯಾಕೆ ಬರೆದ್ರಿ? ಮೊನ್ನೆ ಮೀಟಿಂಗಿನಲ್ಲೂ ಅದನ್ನೇ ಹೇಳಿದ್ರಲ್ಲ?”

“ನಂಗೆ ಗೊತ್ತಿರಲಿಲ್ಲ ಸರ್. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು.”

ಅಕ್ಕ ಹಾಸಿಗೆಯ ಚಾದರದ ಅಂಚನ್ನು ಹಿಡಿದು ಸುತ್ತುತ್ತಿದ್ದಳು. ಭೂಮಿ ಬಾಯಿಬಿಟ್ಟಿದ್ದರೆ ಖಂಡಿತ ಇಳಿದುಹೋಗುತ್ತಿದ್ದಳು.

“ಈಗ ಮಾಡಿರೋ ರಿಪೇರಿ ಗ್ಯಾರಂಟಿನಾ?” ಎಂದರು ಯಜಮಾನರು.

ಗ್ಯಾರಂಟಿ ಸರ್, ಎಂದು ನಾಲಿಗೆಯ ತುದಿಗೆ ಬಂದಿತ್ತು. ಚೂಟಿ ಅವಳನ್ನೇ ನೋಡುತ್ತಿದ್ದಳು.

“ಆಫೀಸಿನ ಪ್ರಿಂಟರಲ್ಲಿ ಸರಿ ಬಂತು. ಲ್ಯಾಬಿನ ಪ್ರಿಂಟರಲ್ಲಿ ಹೇಗೋ ಗೊತ್ತಿಲ್ಲ ಸರ್.”

“ಹಾಗಾದ್ರೆ ನಾಳೆ ಅವರು ಬಾಗಿಲು ತೆಗೆಯೋ ಹೊತ್ತಿಗೆ ಇಬ್ರೂ ಅಲ್ಲಿರಿ. ಅಲ್ಲೇ ಹಾಕಿ, ನೋಡಿ. ಅಲ್ಲೀವರೆಗೆ ಲೇಬಲ್ ಒಂದೊಂದಾಗೇ ಮುದ್ರಿಸಿ, ಹೆಸರು ನೋಡಿ ಅಂಟಿಸಿ ಅಂತ ನಾನು ಈಗಲೇ ಹೇಳ್ತೀನಿ.” ಫೋನ್ ಇಡುವ ಮುಂಚೆ, “ಇಬ್ರೂ ಅಂದೆ. ತಂಗಿಗೂ ಹೇಳಿ,” ಎಂದರು.

ಚೂಟಿ ಫೋನ್ ಎತ್ತಿಕೊಂಡಳು. ಅಕ್ಕ ಅವಳ ಭುಜ ಮುಟ್ಟಲು ಕೈ ಚಾಚಿದಳು. ಚೂಟಿ ಬಟ್ಟೆ ಒಗೆಯುವುದಿದೆ ಎಂದು ಎದ್ದುಹೋದಳು.

ಲ್ಯಾಬಿನಲ್ಲಿ ರಿಪೇರಿ ಸರಿಹೋಯಿತು. ಚೂಟಿಯ ಕೆಲಸ ಉಳಿಯಿತು. ಅಕ್ಕನಿಗೆ ಯಜಮಾನರು ಬಾಗಿಲು ಮುಚ್ಚಿ ಏನು ಹೇಳಿದರೋ, ಹೊರಬಂದಾಗ ಅವಳ ಕಿವಿ ಕೆಂಪಗಾಗಿತ್ತು. ಸೀನಿಯರ್ ಆಮೇಲೆ ಯಾರಿಗೂ “ಅಕ್ಕನ್ನ ಕೇಳಿ” ಎನ್ನಲಿಲ್ಲ. ಸಿಕ್ಕಾಗ ಎಂದಿನಂತೆ ನಕ್ಕರು, ಅಷ್ಟೆ. ಅದೂ ಚುಚ್ಚಿತು.

ಹೊಸ ಕೋಡಿನ ಮೇಲೆ ಅಕ್ಕ ಬರೆದ ಕಾಮೆಂಟ್ ಚಿಕ್ಕದು: ‘ಪ್ರತಿ ಲೇಬಲಿಗೂ ಬೇರೆ ಫೈಲ್ ಇರಲಿ. ಒಂದೇ ಫೈಲ್ ಬಳಸಿದರೆ, ಮುದ್ರಿಸುವ ಪ್ರೋಗ್ರಾಂ ಓದುವ ಮೊದಲೇ ಅಳಿಸಿಹೋಗಿ ಒಬ್ಬರ ಕೊಳವೆಗೆ ಇನ್ನೊಬ್ಬರ ಹೆಸರು ಬೀಳುತ್ತದೆ. ಹಾಗೆ ಆಗಿದೆ.’

ಆ ಸೋಮವಾರ ಮಧ್ಯಾಹ್ನ ಚೂಟಿ ತನ್ನ ಕುರ್ಚಿಯನ್ನು ಅಕ್ಕನ ಮೇಜಿನ ಹತ್ತಿರ ಎಳೆದುಕೊಂಡು ಕೂತಳು. ಅಕ್ಕನ ಜೀವಕ್ಕೆ ಎಷ್ಟೋ ಸಮಾಧಾನವಾಯಿತು. ಇನ್ನೇನು ಶೂ ಅಂಗಡಿಯ ಕಥೆ ತೆಗೆದು ಕಾಲೆಳೆಯುತ್ತಾಳೆ ಎಂದುಕೊಂಡಳು. ಚೂಟಿ ಅಕ್ಕ ಬರೆದ ಹಳೆಯ ಕೋಡನ್ನು, ಎಲ್ಲಕ್ಕಿಂತ ಹಳೆಯ ಫೈಲಿನಿಂದ ಶುರುಮಾಡಿ, ತೆರೆದಳು. ಮೊದಲ ಕಾಮೆಂಟಿನ ಮೇಲೆ ಬೆರಳಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ.

“ಇದು ನಿಜಾನಾ ಅಕ್ಕ?”

“ನಿಜ,” ಎಂದಳು ಅಕ್ಕ.

ಚೂಟಿ ಬೆರಳನ್ನು ಕೆಳಕ್ಕಿಳಿಸಿದಳು. “ಇದು?”

ಅಕ್ಕ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಅದನ್ನು ಬರೆದ ದಿನ ನೆನಪಿತ್ತು, ಬೆನ್ನು ತಟ್ಟಿಸಿಕೊಂಡದ್ದೂ ನೆನಪಿತ್ತು.

“ಗೊತ್ತಿಲ್ಲ,” ಎಂದಳು.

ಚೂಟಿ ಅದನ್ನು ಗುರುತು ಹಾಕಿಕೊಂಡು ಮುಂದಿನ ಸಾಲಿಗೆ ಹೋದಳು.